ಮೇಸ್ತ್ರಿ ತೋರಿಸಿದ ಹನ್ನೊಂದು ಮಂದಿ: ವೈವಾಕ್ಕೆ ನಾನು ತಯಾರಾದ ಬಗೆ

"ನಿನ್ನ ಅಧ್ಯಯನದ ಕೊರತೆಯನ್ನ ನೀನೇ ಎತ್ತಿ ತೋರಿಸಬೇಡ" ಎಂದು ವೈವಾಕ್ಕೆ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಗೆ, ಮುಂಚೆ ನನಗೆ ಹೇಳದವರಿಲ್ಲ. ನಾನು ತೋರಿಸಿದೆ. ನನ್ನ ಕೈ ಹಿಡಿದದ್ದೂ ಅದೇ.

ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಕಟ್ಟಡ ಕೂಲಿಗಳ ಸಾಲ ನನ್ನ ವಿಷಯ. ಒಬ್ಬರನ್ನು ಮಾತಾಡಿಸಿ ಅವರು ತೋರಿಸಿದ ಇನ್ನೊಬ್ಬರ ಬಳಿ ಹೋಗುವ ಸ್ನೋಬಾಲ್ ವಿಧಾನ, ನಲವತ್ತರ ಆಸುಪಾಸು ಸಂದರ್ಶನ. ಅಣಕು ವೈವಾದಲ್ಲಿ "ಸರ್ವೆ ಯಾಕೆ ಮಾಡಲಿಲ್ಲ?" ಎಂದಾಗ ಗುಣಾತ್ಮಕ ಸಂಶೋಧನೆಯ ವ್ಯಾಖ್ಯಾನ ಒಪ್ಪಿಸತೊಡಗಿದೆ. ಹಿರಿಯರೊಬ್ಬರು ತಡೆದು, "ಇದು ಯಾರ ಪ್ರಬಂಧಕ್ಕಾದರೂ ಹೊಂದುತ್ತೆ. ನಿನ್ನ ಶೆಡ್ಡಲ್ಲಿ ಏನಾಯ್ತು ಹೇಳಪ್ಪ" ಅಂದರು.

ಮನೆಗೆ ಬಂದು ಕ್ಷೇತ್ರ ಡೈರಿ ತೆಗೆದೆ. ಮೊದಲ ತಿಂಗಳು ನಾನು ಪ್ರಶ್ನಾವಳಿ ಹಿಡಿದೇ ಹೋಗಿದ್ದೆ. ಜೆರಾಕ್ಸು, ಬಸ್ಸು, ಜೊತೆಗಾರನ ದಿನಗೂಲಿ ಸೇರಿ ಆರೇಳು ಸಾವಿರ ಹೋಯಿತು. 'ಸಾಲ ಇದೆಯೇ?' ಎಂಬ ಕಾಲಂನಲ್ಲಿ ಇಪ್ಪತ್ತರಲ್ಲಿ ಹದಿನೇಳೋ ಹದಿನೆಂಟೋ ಮಂದಿ 'ಇಲ್ಲ' ಅಂದಿದ್ದರು. ಮೇಸ್ತ್ರಿಯಿಂದ ಪಡೆದದ್ದು ಅವರ ಬಾಯಲ್ಲಿ ಸಾಲವಲ್ಲ, 'ಅಡ್ವಾನ್ಸು'. ಪದ ತಿದ್ದಬಹುದಿತ್ತು ಎಂದು ಪರೀಕ್ಷಕರು ಕೇಳುತ್ತಾರೆಂದು ಗೊತ್ತಿತ್ತು. ಅದಕ್ಕೂ ಉತ್ತರ ಬರೆದುಕೊಂಡೆ: ಪದ ತಿದ್ದಿದರೂ ಸ್ಯಾಂಪಲ್ ಎತ್ತಲು ಪಟ್ಟಿ ಬೇಕಲ್ಲ? ಪಟ್ಟಿ ಇರುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ನನ್ನ ಶೆಡ್ಡುಗಳಲ್ಲಿ ಅದನ್ನು ಮಾಡಿಸಿಕೊಂಡವರು ಬೆರಳೆಣಿಕೆಯಷ್ಟು.

"ಮತ್ತೆ ಮಾಡಿದರೆ ಏನು ಬದಲಾಯಿಸುತ್ತೀರಿ?" ಎಂಬುದಕ್ಕೆ ಎಲ್ಲರೂ "ಸ್ಯಾಂಪಲ್ ಹೆಚ್ಚಿಸುತ್ತೇನೆ" ಅನ್ನುತ್ತಾರೆ. ನಾನು ಯಾರು ಯಾರನ್ನು ತೋರಿಸಿದರೆಂದು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದೆ. ಹನ್ನೊಂದು ಗೆರೆ ಒಬ್ಬನೇ ಮೇಸ್ತ್ರಿಯಿಂದ ಹೊರಟಿದ್ದವು. ಆ ಹನ್ನೊಂದನ್ನು ಪಕ್ಕಕ್ಕಿಟ್ಟು ಉಳಿದವನ್ನಷ್ಟೇ ಮತ್ತೆ ಓದಿದೆ, ಎರಡು ವಾರ ಹಿಡಿಯಿತು. ಅಡ್ವಾನ್ಸು ತೀರುವವರೆಗೆ ಕೆಲಸ ಬಿಡಲಾಗದು ಎಂಬ ತೀರ್ಮಾನ ಕದಲಲಿಲ್ಲ. 'ಕಾಯಿಲೆ ಬಿದ್ದರೆ ಮೇಸ್ತ್ರಿ ನೋಡಿಕೊಳ್ಳುತ್ತಾನೆ' ಎಂಬುದು ಮಾತ್ರ ಬಿದ್ದುಹೋಯಿತು. ಉಳಿದವರಲ್ಲಿ ಅದನ್ನು ಹೇಳಿದವರು ಇಬ್ಬರೇ.

ನಡುವೆ ಉತ್ತರಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವ್ವನಿಗೂ ಕೇಳಿಸಿದೆ. ಆಕೆಗೆ ಅರ್ಥವಾಗದ ಕಡೆಯೆಲ್ಲ ನಾನೇ ತಡವರಿಸಿದ್ದೆ.

ವೈವಾದಲ್ಲಿ ಆ ಹಾಳೆಯನ್ನೇ ಬಿಚ್ಚಿಟ್ಟೆ. "ಮುಂದಿನ ಸಲ ಮೇಸ್ತ್ರಿಯಿಂದ ಶುರು ಮಾಡಲ್ಲ ಸರ್. ಅಂಗನವಾಡಿ, ಕಿರಾಣಿ ಅಂಗಡಿ, ಊರಿನ ಮನೆ, ಹೀಗೆ ನಾಲ್ಕೈದು ಕಡೆಯಿಂದ ಹೊರಡ್ತೀನಿ. ಯಾರು ಯಾರನ್ನ ತೋರಿಸಿದ್ರು ಅಂತ ಮೊದಲ ದಿನದಿಂದಲೇ ಬರೆದಿಡ್ತೀನಿ" ಎಂದೆ. ಹೊರಗಿನ ಪರೀಕ್ಷಕರು ಕನ್ನಡಕ ಏರಿಸಿ ಆ ಹನ್ನೊಂದು ಗೆರೆಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ ವಿಧಾನದ ಬಗ್ಗೆ ಪ್ರಶ್ನೆ ಬರಲಿಲ್ಲ. ಆ ಇಬ್ಬರು ಏನು ಹೇಳಿದ್ದರು ಎಂದು ಕೇಳಿದರು.