ವೈವಾ ದಿನ ಬದಲಾದದ್ದು ಮೂರನೆಯ ಪತ್ರಕ್ಕೆ

ನೋಟಿಸ್ ಬೋರ್ಡಿಗೆ ಹಚ್ಚಿದ ವೈವಾ ಪಟ್ಟಿ ಯಾರಿಗಾಗಿಯೂ ಬದಲಾಗುವುದಿಲ್ಲ ಎಂದು ಹಾಸ್ಟೆಲಿನಲ್ಲಿ ನನಗೆ ಹೇಳದವರಿಲ್ಲ. ಹಿಂದಿನ ಬ್ಯಾಚಿನ ಇಬ್ಬರು ಅರ್ಜಿ ಕೊಟ್ಟು ಬರಿಗೈಯಲ್ಲಿ ಬಂದಿದ್ದರು. ನನ್ನ ದಿನ ಬದಲಾಯಿತು, ಅದೂ ಯಾರ ಶಿಫಾರಸೂ ಇಲ್ಲದೆ, ಒಂದು ಪುಟದ ಪತ್ರದಿಂದ. ಅದಕ್ಕೂ ಮುಂಚೆ ಎರಡು ಪತ್ರಗಳು ಬಿದ್ದುಹೋದವು. ಈ ವರ್ಷ ಇದೇ ಇಕ್ಕಟ್ಟಿನಲ್ಲಿರುವವರಿಗೆ ಆ ಎರಡರ ಕಥೆಯೇ ಹೆಚ್ಚು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಅರ್ಥಶಾಸ್ತ್ರ ಎಂ.ಎ. ನಾಲ್ಕನೆಯ ಸೆಮಿಸ್ಟರಿನ ಕಿರುಪ್ರಬಂಧದ ವೈವಾ ಸೋಮವಾರದಿಂದ ಬುಧವಾರದವರೆಗೆ ನಿಗದಿಯಾಗಿತ್ತು. ನಾವು ಸುಮಾರು ನಲವತ್ತು ಮಂದಿ, ರಿಜಿಸ್ಟರ್ ನಂಬರಿನ ಪ್ರಕಾರ ದಿನಕ್ಕೆ ಹದಿಮೂರೋ ಹದಿನಾಲ್ಕೋ. ನನ್ನದು ಮಂಗಳವಾರ. ಅದೇ ಮಂಗಳವಾರ ಬೆಳಗಿನ ಪಾಳಿಯಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಯುಜಿಸಿ ನೆಟ್ ಪರೀಕ್ಷೆ. ನೆಟ್ ವರ್ಷಕ್ಕೆ ಎರಡೇ ಬಾರಿ ನಡೆಯುತ್ತದೆ ಮತ್ತು ನಿಗದಿಯಾದ ದಿನ ತಪ್ಪಿದರೆ ಮುಂದಿನ ಸಲದವರೆಗೆ ಕಾಯಲೇಬೇಕು. ಕಟ್ಟಿದ ಸಾವಿರದ ನೂರು ಚಿಲ್ಲರೆ ರೂಪಾಯಿ ಶುಲ್ಕವೂ ಹೋದಂತೆಯೇ.

ಮೊದಲ ಪತ್ರವನ್ನು ಪಟ್ಟಿ ಬಂದ ದಿನವೇ ಎರಡು ಪುಟ ಕೈಬರಹದಲ್ಲಿ ಬರೆದೆ. ಮನೆಯ ಪರಿಸ್ಥಿತಿ, ಪ್ರಾಧ್ಯಾಪಕನಾಗಬೇಕೆಂಬ ಆಸೆ, ಓದಿದ ರಾತ್ರಿಗಳು, ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ "ದಯವಿಟ್ಟು ನನ್ನ ವೈವಾ ಮುಂದೂಡಬೇಕು" ಎಂದಿತ್ತು. ವಿಭಾಗದ ಮುಖ್ಯಸ್ಥರು ಮೊದಲ ಪುಟವನ್ನಷ್ಟೇ ಓದಿ, "ಪರೀಕ್ಷೆ ಇದೆ ಅನ್ನೋದಕ್ಕೆ ಆಧಾರ ಏನಪ್ಪಾ? ಹಾಲ್ ಟಿಕೆಟ್ ಎಲ್ಲಿ?" ಎಂದು ಕೇಳಿದರು. ಹಾಲ್ ಟಿಕೆಟ್ ಬರುವುದು ಪರೀಕ್ಷೆಗೆ ಮೂರು ನಾಲ್ಕು ದಿನ ಇರುವಾಗ. ಅಷ್ಟರೊಳಗೆ ಪಟ್ಟಿ ಬಾಹ್ಯ ಪರೀಕ್ಷಕರ ಕೈ ಸೇರಿರುತ್ತದೆ. ಹೆಚ್ಚಿನವರು ಸೋಲುವುದು ಈ ಅಂತರದಲ್ಲಿಯೇ. ಟಿಕೆಟ್ ಬರಲಿ ಎಂದು ಕಾದವರಿಗೆ ತಡವಾಯಿತು ಎನ್ನುತ್ತಾರೆ, ಕಾಯದೆ ಹೋದವರಿಗೆ ಆಧಾರವಿಲ್ಲ ಎನ್ನುತ್ತಾರೆ.

ಎರಡನೆಯ ಪತ್ರಕ್ಕೆ ಆಧಾರ ಸಿದ್ಧಮಾಡಿಕೊಂಡೆ. ಅರ್ಜಿಯ ದೃಢೀಕರಣ ಪುಟದಲ್ಲಿ ನನ್ನ ಹೆಸರೂ ವಿಷಯವೂ ಇದ್ದವು, ಪ್ರಕಟವಾಗಿದ್ದ ವಿಷಯವಾರು ವೇಳಾಪಟ್ಟಿಯಲ್ಲಿ ಆ ವಿಷಯದ ದಿನವೂ ಪಾಳಿಯೂ ಇದ್ದವು. ಎರಡನ್ನೂ ಒಟ್ಟಿಗೆ ಇಟ್ಟರೆ ಹಾಲ್ ಟಿಕೆಟ್ ಇಲ್ಲದೆಯೇ ದಿನ ಸಾಬೀತಾಗುತ್ತದೆ. ಪರೀಕ್ಷೆಯ ಊರನ್ನು ತಿಳಿಸುವ ಚೀಟಿ ಅಷ್ಟರಲ್ಲಿ ಬಂದಿದ್ದರಿಂದ ಅದನ್ನೂ ಸೇರಿಸಿದೆ. ಅದರಲ್ಲಿ ಊರಿನ ಹೆಸರಿರುತ್ತದೆ, ಕೇಂದ್ರದ ವಿಳಾಸ ಇರುವುದಿಲ್ಲ, ಆದರೂ ದೂರವನ್ನು ತೋರಿಸಲು ಅಷ್ಟು ಸಾಕು. ಈ ಬಾರಿ ಯಾರೂ ಆಧಾರ ಕೇಳಲಿಲ್ಲ. ಆದರೆ ನಾನು ಮತ್ತೆ "ಬೇರೆ ಯಾವುದಾದರೂ ದಿನ" ಎಂದು ಬರೆದಿದ್ದೆ, ಪತ್ರ ಅಲ್ಲಿಯೇ ನಿಂತಿತು. "ಬೇರೆ ದಿನ ಅಂದರೆ ಬಾಹ್ಯ ಪರೀಕ್ಷಕರನ್ನ ಇನ್ನೊಮ್ಮೆ ಕರೆಸಬೇಕು, ಪರೀಕ್ಷಾಂಗದಿಂದ ಅನುಮತಿ ಬರಬೇಕು. ಒಬ್ಬನಿಗಾಗಿ ನಾನು ಕುಲಸಚಿವರಿಗೆ ಬರೆಯಲೋ?" ಎಂದರು ಸರ್.

ಆ ಮಾತಿನಿಂದಲೇ ನನಗೆ ದಾರಿ ಹೊಳೆಯಿತು. ಬಾಹ್ಯ ಪರೀಕ್ಷಕರು ನಮ್ಮಲ್ಲಿರುವ ಆ ಮೂರು ದಿನಗಳೊಳಗೆ ಯಾರು ಯಾವ ದಿನ ಬರಬೇಕೆಂಬುದನ್ನು ಬದಲಿಸಲು ಮುಖ್ಯಸ್ಥರ ಒಂದು ಸಹಿ ಸಾಕು. ಆ ಮೂರು ದಿನಗಳ ಆಚೆಗೆ ಅವರ ಕೈಯಲ್ಲಿ ಏನೂ ಇಲ್ಲ. ಹಾಗಾದರೆ ನಾನು ಕೇಳಬೇಕಾದದ್ದು ಮುಂದೂಡಿಕೆಯನ್ನಲ್ಲ, ಅದಲುಬದಲನ್ನು. ಸೋಮವಾರ ಕೇಳಬಹುದಿತ್ತು, ಆದರೆ ಬಸ್ಸಿನಲ್ಲಿ ಆರು ತಾಸಿನ ದಾರಿ; ವೈವಾ ಸಂಜೆಗೆ ಜಾರಿದರೆ ರಾತ್ರಿ ಬಸ್ಸು ತಪ್ಪುತ್ತದೆ. ಬುಧವಾರದ ಕೊನೆಯ ಸರದಿಯೂ ಬೇಡವೆನಿಸಿತು, ಏಕೆಂದರೆ ಊರಿಗೆ ಮರಳುವ ಪರೀಕ್ಷಕರು ಕೊನೆಯ ದಿನ ಬೇಗ ಮುಗಿಸಲು ನೋಡುತ್ತಾರೆ. ಬುಧವಾರ ಹನ್ನೊಂದರ ಆಸುಪಾಸಿನ ಸರದಿಯ ಗೆಳತಿಯೊಬ್ಬಳನ್ನು ಕೇಳಿದೆ. ಒಂದು ದಿನ ಮೊದಲೇ ಹಾಸ್ಟೆಲ್ ಖಾಲಿಮಾಡಿ ಊರಿಗೆ ಹೋಗಬಹುದೆಂದು ಅವಳು ಸಂತೋಷದಿಂದಲೇ ಒಪ್ಪಿದಳು. ಬದಲಿಯಿಂದ ಎದುರಿನವರಿಗೂ ಅನುಕೂಲವಾಗುವಂತಿದ್ದರೆ ಮಾತ್ರ ಕೇಳಿ. ಮುಲಾಜಿಗೆ ಒಪ್ಪಿದವರು ಹಿಂದಿನ ದಿನ ಕೈಬಿಡುತ್ತಾರೆ.

ಮೂರನೆಯ ಪತ್ರದ ಒಡಲು ಇಷ್ಟೇ:

"ವಿಷಯ: ನಿಗದಿತ ವೈವಾ ದಿನಗಳೊಳಗೆ ಸರದಿಯ ಪರಸ್ಪರ ಬದಲಾವಣೆಗೆ ಅನುಮತಿ ಕೋರಿ.

ಮಾನ್ಯರೇ, ವಿಭಾಗದ ಪ್ರಕಟಣೆಯಂತೆ ನನ್ನ ಮೌಖಿಕ ಪರೀಕ್ಷೆ ಮಂಗಳವಾರ ನಿಗದಿಯಾಗಿದೆ. ಅದೇ ದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ನನಗೆ ಯುಜಿಸಿ ನೆಟ್ ಪರೀಕ್ಷೆ ಇದ್ದು, ಆಧಾರಗಳನ್ನು ಲಗತ್ತಿಸಿದ್ದೇನೆ. ಬುಧವಾರ ಸರದಿಯಿರುವ ನನ್ನ ಸಹಪಾಠಿ ಮಂಗಳವಾರ ಹಾಜರಾಗಲು ಒಪ್ಪಿ ಕೆಳಗೆ ಸಹಿ ಮಾಡಿದ್ದಾರೆ. ಇದರಿಂದ ಪರೀಕ್ಷೆಯ ದಿನಗಳಾಗಲಿ, ಪ್ರತಿದಿನದ ವಿದ್ಯಾರ್ಥಿಗಳ ಸಂಖ್ಯೆಯಾಗಲಿ ಬದಲಾಗುವುದಿಲ್ಲ. ಪ್ರವೇಶ ಪತ್ರ ದೊರೆತ ದಿನವೇ ಅದರ ಪ್ರತಿಯನ್ನು ಸಲ್ಲಿಸುತ್ತೇನೆ. ಅನುಮತಿ ನೀಡಬೇಕೆಂದು ವಿನಂತಿಸುತ್ತೇನೆ."

ಕೊನೆಗೆ ಇಬ್ಬರ ರಿಜಿಸ್ಟರ್ ನಂಬರು ಮತ್ತು ಸಹಿ, ಲಗತ್ತುಗಳ ಪಟ್ಟಿ. "ಇವರಿಗೆ" ಎಂಬುದರ ಕೆಳಗೆ "ಮೂಲಕ: ಮಾರ್ಗದರ್ಶಕರು" ಎಂದು ಸೇರಿಸಿ ಮೊದಲು ಮೇಡಂ ಅವರ ಸಹಿ ಪಡೆದೆ. ಎರಡನೆಯ ಪತ್ರವನ್ನು ಅವರನ್ನು ದಾಟಿ ಕೊಟ್ಟಿದ್ದೆ, ಅದು ಅವರ ಮನಸ್ಸಿಗೆ ನೋವಾಗಿತ್ತೆಂದು ಆಗ ತಿಳಿಯಿತು. "ಸಂಖ್ಯೆ ಬದಲಾಗುವುದಿಲ್ಲ" ಎಂಬ ಸಾಲೇ ಪತ್ರದ ಜೀವವೆಂದು ಈಗಲೂ ನಂಬಿದ್ದೇನೆ. ಸರ್ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿ, ಪಕ್ಕದಲ್ಲಿ "ಅನುಮತಿಸಿದೆ" ಎಂದು ಬರೆದರು. ಎರಡು ನಿಮಿಷವೂ ಹಿಡಿಯಲಿಲ್ಲ. ಪತ್ರವನ್ನು ಯಾವ ಹೊತ್ತಿಗೆ ಒಯ್ದೆ, ಕಚೇರಿಯಲ್ಲಿ ಮೊದಲು ಯಾರಿಗೆ ತೋರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ.

ಈ ನಡುವೆ ಇದನ್ನೇ ಇಂಗ್ಲಿಷಿನಲ್ಲಿಯೂ ಬರೆದು ನೋಡಿದ್ದೆ. ಓದಿದ ಮೇಡಂ ಕನ್ನಡದ್ದೇ ಇರಲಿ ಎಂದರು. ಕನ್ನಡದಲ್ಲಿ ವಿನಂತಿ ವಿನಂತಿಯಂತೆಯೇ ಕೇಳಿಸುತ್ತಿತ್ತು, ಇಂಗ್ಲಿಷಿನದು ನೋಟಿಸಿನಂತಿತ್ತು. ನುಡಿ ತಂತ್ರಾಂಶದಲ್ಲಿ ಟೈಪಿಸಿದ ಕಡತ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರ ಒಡೆದು ಬಂದು ಅರ್ಧ ದಿನ ಹೋಯಿತು; ಪಿಡಿಎಫ್ ಮಾಡಿ ಒಯ್ದ ಮೇಲೆ ಸರಿಯಾಯಿತು. ಎಲ್ಲ ಸೇರಿ ಪ್ರಿಂಟು, ಜೆರಾಕ್ಸಿಗೆ ಅರವತ್ತು ಎಪ್ಪತ್ತು ರೂಪಾಯಿ ಆಗಿರಬೇಕು. ಎರಡನೆಯ ಪತ್ರ ಬಿದ್ದಾಗ ಎದೆಗುಂದಿ ಬಸ್ಸಿನ ಟಿಕೆಟ್ ರದ್ದುಮಾಡಿ ನೂರೈವತ್ತರಷ್ಟು ಕಳೆದುಕೊಂಡೆ. ಅದೊಂದು ನಷ್ಟಕ್ಕೆ ನನ್ನ ಆತುರವೇ ಕಾರಣ.

ಪತ್ರ ಕೊಡುವಾಗ ಎರಡು ಪ್ರತಿ ಒಯ್ದು ಒಂದರ ಮೇಲೆ ಆವಕ ಸಂಖ್ಯೆ ಮತ್ತು ಮೊಹರು ಹಾಕಿಸಿದ್ದೆ. ಸಹಿಯಾದ ಮೇಲೆ "ಅನುಮತಿಸಿದೆ" ಎಂಬ ಬರಹವನ್ನೂ ಜೆರಾಕ್ಸ್ ಮಾಡಿಸಿ ಜೊತೆಗಿಟ್ಟುಕೊಂಡೆ. ಇಷ್ಟೆಲ್ಲ ಏಕೆ ಎಂದು ಕೋಣೆಯ ಗೆಳೆಯ ಕೇಳಿದ್ದ. ಬುಧವಾರ ನಸುಕಿನಲ್ಲಿ ಬಸ್ಸಿನಿಂದಿಳಿದು, ಸ್ನಾನ ಮಾಡಿ ವಿಭಾಗಕ್ಕೆ ಹೋದರೆ, ಪರೀಕ್ಷಕರ ಮೇಜಿನ ಮೇಲಿದ್ದದ್ದು ಹಳೆಯ ಪಟ್ಟಿ. ಮಂಗಳವಾರದ ಸಾಲಿನಲ್ಲಿ ನನ್ನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ "ಗೈರು" ಎಂದು ಬರೆದಿತ್ತು. ಗೆಳತಿಯ ಹೆಸರನ್ನು ಕೈಯಿಂದ ಸೇರಿಸಿದ್ದರು, ನನ್ನದನ್ನು ಬುಧವಾರಕ್ಕೆ ಸೇರಿಸಿರಲಿಲ್ಲ. ಅಂಕಪಟ್ಟಿ ಹಾಗೆಯೇ ಪರೀಕ್ಷಾಂಗಕ್ಕೆ ಹೋಗಿದ್ದರೆ ಅದನ್ನು ತಿದ್ದಿಸಲು ಎಷ್ಟು ಬಾಗಿಲು ಬಡಿಯಬೇಕಿತ್ತೋ. ಫೈಲಿನಿಂದ ಎರಡೂ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಬಾಹ್ಯ ಪರೀಕ್ಷಕರು ಮೊಹರನ್ನೂ ಸಹಿಯನ್ನೂ ನೋಡಿ, ರಬ್ಬರಿನಿಂದ ಪೆನ್ಸಿಲ್ ಗುರುತು ಅಳಿಸಿ, ಬುಧವಾರದ ಪಟ್ಟಿಯ ಕೊನೆಯಲ್ಲಿ ನನ್ನ ನಂಬರು ಬರೆದು ಸಹಿಗೆ ಹಾಳೆಯನ್ನು ನನ್ನತ್ತ ತಿರುಗಿಸಿದರು.