ಕಳೆದ ಬ್ಯಾಗಿಗೆ 1,519 ಎಸ್‌ಡಿಆರ್: ಪೌಂಡಿನಲ್ಲಿ ಎಷ್ಟಾಗುತ್ತದೆ?

ಬಳ್ಳಾರಿಯಿಂದ ಬೆಂಗಳೂರಿಗೆ, ರಾಯಚೂರಿನಿಂದ ಹೈದರಾಬಾದಿಗೆ ಹೋಗಿ ಲಂಡನ್ ವಿಮಾನ ಹತ್ತುವವರ ಬ್ಯಾಗಿನಲ್ಲಿ ಬಳ್ಳಾರಿ ಜೀನ್ಸ್, ಶೇಂಗಾ ಹೋಳಿಗೆ, ಮೊಮ್ಮಗಳಿಗೆಂದು ಕೊಂಡ ಕಿನ್ನಾಳ ಗೊಂಬೆ ಇರುತ್ತವೆ. ಆ ಬ್ಯಾಗು ಬಾರದೇ ಹೋದರೆ ಬ್ರಿಟನ್ನಿನಲ್ಲಿ ಪರಿಹಾರದ ಮಿತಿ ಪೌಂಡಿನಲ್ಲಿರುವುದಿಲ್ಲ. ವಿಮಾನ ಕಂಪನಿಗಳ ಹೊಣೆಯನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಬ್ಬ ಪ್ರಯಾಣಿಕರಿಗೆ ಗರಿಷ್ಠ 1,519 ಎಸ್‌ಡಿಆರ್. 2024ರ ಡಿಸೆಂಬರ್ 27ರವರೆಗೆ ಇದು 1,288 ಇತ್ತು. ಹಳೆಯ ಅಂಕಿಯನ್ನೇ ಹಿಡಿದು ಬರೆದ ಪತ್ರ ವಿಮಾನ ಕಂಪನಿಯಿಂದ ಬಂದರೆ ಪ್ರಯಾಣದ ದಿನಾಂಕ ನೋಡಿಕೊಳ್ಳಿ.

ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಅದರ ನೋಟು, ನಾಣ್ಯ ಯಾವುದೂ ಇಲ್ಲ. ಐದು ಕರೆನ್ಸಿಗಳನ್ನು ಗೊತ್ತಾದ ಅಳತೆಯಲ್ಲಿ ಹಾಕಿ ಕಟ್ಟಿದ ಒಂದು ಗಂಟು ಅದು. 2022ರ ಆಗಸ್ಟ್ 1ರಿಂದ 2027ರ ಜುಲೈ ಅಂತ್ಯದವರೆಗಿನ ಅಳತೆ ಹೀಗಿದೆ: ಡಾಲರ್ 0.57813, ಯೂರೋ 0.37379, ಚೀನಾದ ಯುವಾನ್ 1.0993, ಜಪಾನಿನ ಯೆನ್ 13.452, ಪೌಂಡ್ 0.080870.

ಹೆಚ್ಚಿನವರು ಎಡವುವುದು ಇಲ್ಲೇ. ಡಾಲರಿಗೆ ಶೇ 43.38, ಯೂರೋಗೆ 29.31 ಎಂದು ಶೇಕಡಾ ಪಾಲುಗಳನ್ನೂ ನಿಧಿ ಪ್ರಕಟಿಸಿದೆ. ಅವನ್ನೇ ದರಕ್ಕೆ ಗುಣಿಸಿದರೆ ಉತ್ತರ ಕೆಡುತ್ತದೆ. ಸಂತೆಯಲ್ಲಿ ಎರಡು ಸೇರು ಜೋಳ, ಒಂದು ಸೇರು ತೊಗರಿ, ಅರ್ಧ ಸೇರು ಶೇಂಗಾ ಕಟ್ಟಿದ ಚೀಲ ನೆನೆಯಿರಿ. ತೊಗರಿಯ ಬೆಲೆ ಏರಿದರೆ ಚೀಲದ ಬೆಲೆಯಲ್ಲಿ ತೊಗರಿಯ ಪಾಲು ದೊಡ್ಡದಾಗುತ್ತದೆ, ಆದರೆ ಸೇರು ಮಾತ್ರ ಒಂದೇ. ಎಸ್‌ಡಿಆರ್‌ನಲ್ಲೂ ಐದು ವರ್ಷ ಬದಲಾಗದೆ ಇರುವುದು ಸೇರು. ಶೇಕಡಾ ಪಾಲು ದಿನವೂ ಜರುಗುತ್ತದೆ.

ಲೆಕ್ಕ ಮಾಡಿ ನೋಡೋಣ. ದರಗಳು ಉದಾಹರಣೆಗೆಂದು ಇಟ್ಟುಕೊಂಡವು: ಒಂದು ಯೂರೋಗೆ 1.10 ಡಾಲರ್, ಒಂದು ಪೌಂಡಿಗೆ 1.30 ಡಾಲರ್, ಒಂದು ಡಾಲರಿಗೆ 145 ಯೆನ್, ಒಂದು ಡಾಲರಿಗೆ 7.20 ಯುವಾನ್. ಯೂರೋ ಮತ್ತು ಪೌಂಡಿನ ದರ ‘ಒಂದಕ್ಕೆ ಎಷ್ಟು ಡಾಲರ್’ ಎಂದಿರುವುದರಿಂದ ಗುಣಿಸಬೇಕು. ಯೆನ್, ಯುವಾನ್ ದರ ‘ಒಂದು ಡಾಲರಿಗೆ ಎಷ್ಟು’ ಎಂದಿದೆ, ಭಾಗಿಸಬೇಕು.

```
USD  0.57813           = 0.578130
EUR  0.37379 × 1.10    = 0.411169
CNY  1.0993 ÷ 7.20     = 0.152681
JPY  13.452 ÷ 145      = 0.092772
GBP  0.080870 × 1.30   = 0.105131
1 SDR                  = 1.339883 USD
```

ಇದನ್ನು ಪೌಂಡಿಗೆ ತರಲು 1.30ರಿಂದ ಭಾಗಿಸಿ: 1.030679. ಅದನ್ನು 1,519ಕ್ಕೆ ಗುಣಿಸಿದರೆ 1,565.60 ಪೌಂಡ್. ಕೊನೆಯವರೆಗೆ ಆರು ದಶಮಾಂಶ ಉಳಿಸಿಕೊಳ್ಳಿ, ನಡುವೆಯೇ 1.03 ಎಂದು ಕತ್ತರಿಸಿದರೆ ಒಂದು ಪೌಂಡು ಹೋಗುತ್ತದೆ.

ತಪ್ಪು ಹೇಗೆ ಗೊತ್ತಾಗುತ್ತದೆ? ಯೆನ್ನನ್ನು ಭಾಗಿಸುವ ಬದಲು ಗುಣಿಸಿದರೆ ಅದೊಂದೇ 1,950 ಬರುತ್ತದೆ, ಕಣ್ಣಿಗೆ ರಾಚುತ್ತದೆ. ಶೇಕಡಾ ಪಾಲನ್ನು ಬಳಸಿದರೆ ಮೊತ್ತ 0.87 ಡಾಲರಿಗೆ ಇಳಿಯುತ್ತದೆ, ಅದೂ ಕಾಣುತ್ತದೆ. ನಿಜವಾಗಿ ಮೋಸ ಮಾಡುವುದು ಯೂರೋ. ಅದನ್ನು 1.10ರಿಂದ ಭಾಗಿಸಿಬಿಟ್ಟರೆ ಎಸ್‌ಡಿಆರ್ 1.268523 ಡಾಲರ್ ಆಗಿ, ಮಿತಿ 1,482.22 ಪೌಂಡ್ ಬರುತ್ತದೆ. ಸಂಖ್ಯೆ ನಂಬುವಂತೆಯೇ ಇದೆ, ಆದರೆ 83 ಪೌಂಡ್ ಕಡಿಮೆ. ಹಾಗಾಗಿ ನಿಮ್ಮ ಮೊತ್ತವನ್ನು ನಿಧಿಯ ಜಾಲತಾಣದ SDR Valuation ಪುಟದಲ್ಲಿ ಅದೇ ದಿನದ ಸಂಖ್ಯೆಗೆ ಹೋಲಿಸಿ. ಆ ಪುಟದಲ್ಲಿ ಪ್ರತಿ ಕೆಲಸದ ದಿನದ ಬೆಲೆ ಸಿಗುತ್ತದೆ.

ಯಾವ ದಿನದ ದರ ಎಂಬುದೂ ಮುಖ್ಯ. ವಿಷಯ ನ್ಯಾಯಾಲಯಕ್ಕೆ ಹೋದರೆ ತೀರ್ಪಿನ ದಿನದ ಬೆಲೆ ಎಂದು ಒಪ್ಪಂದದಲ್ಲೇ ಇದೆ. ವಿಮಾನ ಕಂಪನಿ ತಾನೇ ಲೆಕ್ಕ ಕಟ್ಟಿ ಕಳಿಸಿದರೆ ಯಾವ ದಿನಾಂಕ, ಯಾವ ಎಸ್‌ಡಿಆರ್ ಬೆಲೆ ಎಂದು ಬರಹದಲ್ಲಿ ಕೇಳಿ, ಮೇಲಿನ ಐದು ಸಾಲು ನೀವೇ ಮಾಡಿ ನೋಡಿ.

1,519 ಎಂಬುದು ಮಿತಿ ಮಾತ್ರ, ತಾನಾಗಿ ಸಿಗುವ ಮೊತ್ತವಲ್ಲ. ಬ್ಯಾಗಿನೊಳಗಿನ ವಸ್ತುಗಳ ಬೆಲೆಯನ್ನು ನೀವು ತೋರಿಸಬೇಕು. ಜೀನ್ಸಿನ ರಸೀದಿ, ಗೊಂಬೆಯ ಫೋಟೊ ಹೊರಡುವ ಮೊದಲೇ ಮೊಬೈಲಿನಲ್ಲಿರಲಿ. ಬ್ಯಾಗು ಹಾಳಾಗಿ ಬಂದರೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದಂತೆಯೇ ಎಂದು ಹಕ್ಕು ಕೇಳಬಹುದು. ದಾವೆ ಹೂಡಲು ಎರಡು ವರ್ಷದ ಗಡುವಿದೆ. ಮಿತಿಗಿಂತ ಬೆಲೆಬಾಳುವ ವಸ್ತುವಿದ್ದರೆ ಚೆಕ್‌ಇನ್ ಹೊತ್ತಿನಲ್ಲೇ ವಿಶೇಷ ಘೋಷಣೆ ಬರೆದುಕೊಡಿ; ಕಂಪನಿ ಕೇಳಿದರೆ ಅದಕ್ಕೆ ಹೆಚ್ಚುವರಿ ಶುಲ್ಕ ಕಟ್ಟಬೇಕಾಗುತ್ತದೆ.