ಹಠದ ಹುಡುಗಿಗೆ ಶಿಫಾರಸು ಪತ್ರ: ಸ್ಟಬ್ಬರ್ನ್ ಬದಲು ಏನು ಬರೆಯೋದು?

ಪುಣೆ, ಮುಂಬೈ ಕಡೆ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮವರು ತುಂಬಾ ಜನ ಇದ್ದೀರಿ. ಹನ್ನೆರಡನೇ ಕ್ಲಾಸಿನ ಮಕ್ಕಳು ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವಾಗ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕಿಸುವ ಕಾಮನ್ ಆ್ಯಪ್‌ನಿಂದ ಶಿಫಾರಸು ಪತ್ರ ಕಳಿಸಲು ನಿಮಗೊಂದು ಲಿಂಕ್ ಬರುತ್ತದೆ. ಪತ್ರದ ಜೊತೆಗೆ ಅಲ್ಲೊಂದು ಪಟ್ಟಿಯೂ ಇರುತ್ತದೆ. ಪ್ರಾಮಾಣಿಕತೆ, ಸ್ವಂತಿಕೆ, ಹಿನ್ನಡೆ ಆದಾಗ ಹೇಗೆ ನಡೆದುಕೊಳ್ಳುತ್ತಾರೆ, ಹೀಗೆ ಒಂದೊಂದು ಗುಣಕ್ಕೂ ನೀವು ದರ್ಜೆ ಕೊಡಬೇಕು. ಹುಡುಗಿ ಒಳ್ಳೆಯವಳು, ಆದರೆ ಹಿಡಿದ ಪಟ್ಟು ಬಿಡೋದಿಲ್ಲ ಅಂದಾಗ ಬರೆಯುವ ಕೈ ಇಲ್ಲೇ ನಿಲ್ಲುತ್ತದೆ.

ನಮ್ಮ ಸ್ಟಾಫ್ ರೂಮಿನಲ್ಲಿ ಮರಾಠಿಯವರು ಯಾರಾದರೂ ಒಬ್ಬ ಹುಡುಗಿಗೆ ‘ಜಿದ್ದ’ ಇದೆ ಅಂದರೆ ಅದು ಹೊಗಳಿಕೆ. ನಮ್ಮ ಕಿವಿಗೆ ಜಿದ್ದು ಅಂದರೆ ಹಗೆ ಸಾಧಿಸೋದು. ನಾವು ಮೆಚ್ಚಿದರೆ ಛಲ ಅನ್ನುತ್ತೇವೆ, ಸಾಕಾದರೆ ಮೊಂಡು ಅನ್ನುತ್ತೇವೆ. ಇದನ್ನೆಲ್ಲ ಇಂಗ್ಲಿಷಿಗೆ ತರುವಾಗ ಹೆಚ್ಚಿನವರು ಸುಮ್ನೆ ಸ್ಟಬ್ಬರ್ನ್ ಅಂತ ಬರೆದುಬಿಡುತ್ತಾರೆ. ಪತ್ರ ಓದುವ ಅಡ್ಮಿಷನ್ ಆಫೀಸರ್‌ಗೆ ಅದು ದೂರಿನ ಹಾಗೆ ಕೇಳಿಸುತ್ತದೆ.

ಪದ ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮಗು ಬಿಡದೆ ಹಿಡಿದುಕೊಂಡದ್ದು ಗುರಿಯನ್ನೋ, ತನ್ನ ಅಭಿಪ್ರಾಯವನ್ನೋ?

ಲ್ಯಾಬಿನಲ್ಲಿ ಆಗುವಂಥದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರಳ ಲೋಲಕದ ಪ್ರಯೋಗ. ಎಲ್ಲರೂ ಗುರುತ್ವದ ಬೆಲೆ 9.8 ಅಂತ ಜರ್ನಲಿನಲ್ಲಿ ಬರೆದು ಸಹಿ ಹಾಕಿಸಿಕೊಂಡು ಹೋದರು, ಇವಳಿಗೆ ಮಾತ್ರ 9.3 ಬಂತು. ತಿದ್ದಿ ಬರೆ ಅಂದರೂ ಒಪ್ಪಲಿಲ್ಲ. ಮರುದಿನ ಬಂದು 20 ಆಂದೋಲನಗಳ ಸಮಯವನ್ನು ಮತ್ತೆ ಹಿಡಿದಳು. ಮತ್ತೆ ಅದೇ ಉತ್ತರ. ಆಮೇಲೆ ದಾರ ಉದ್ದ ಮಾಡಿ ನೋಡಿದಳು, ತಪ್ಪು ಕಡಿಮೆಯಾಯಿತು, ಅಲ್ಲೇ ಸುಳಿವು ಸಿಕ್ಕಿತು. ಅವಳು 30 ಸೆಂಟಿಮೀಟರ್ ಅಂತ ಅಳೆದದ್ದು ದಾರವನ್ನು ಮಾತ್ರ. ಗುಂಡಿನ ಕೊಕ್ಕೆಯಿಂದ ಗುಂಡಿನ ಕೇಂದ್ರದವರೆಗಿನ ಒಂದೂವರೆ ಸೆಂಟಿಮೀಟರ್ ಬಿಟ್ಟುಹೋಗಿತ್ತು.

ಇವಳಿಗೆ ಟೆನೇಷಿಯಸ್ ಸರಿಯಾದ ಪದ. ಹಿಡಿತ ಗಟ್ಟಿ, ಆದರೆ ದಾರಿ ಬದಲಿಸಲು ತಯಾರು. ಪರ್ಸಿಸ್ಟೆಂಟ್ ಕೂಡ ನಡೆಯುತ್ತದೆ, ಸ್ವಲ್ಪ ಸಪ್ಪೆ. ಡಾಗೆಡ್ ಅಂದರೆ ಚುರುಕಿಗಿಂತ ಶ್ರಮ ಜಾಸ್ತಿ ಅನ್ನುವ ಛಾಯೆ ಬರುತ್ತದೆ, ಹಾಗಾಗಿ ನಿಧಾನವಾಗಿ ಕಷ್ಟಪಟ್ಟು ಮೇಲೆ ಬಂದ ಹುಡುಗನಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಮಧ್ಯದ ಪದಗಳೇ ಕಷ್ಟ. ಸ್ಟ್ರಾಂಗ್ ವಿಲ್ಡ್ ಎರಡೂ ಕಡೆ ವಾಲುತ್ತದೆ, ಮುಂದಿನ ವಾಕ್ಯದಲ್ಲಿ ಘಟನೆ ಹೇಳದಿದ್ದರೆ ಓದುವವರು ಕೆಟ್ಟದ್ದನ್ನೇ ಊಹಿಸಬಹುದು. ಅನ್‌ಕಾಂಪ್ರಮೈಸಿಂಗ್ ಯಾವುದರ ಬಗ್ಗೆ ಅನ್ನೋದು ಮುಖ್ಯ: ಲೆಕ್ಕ ತಿರುಚದ ಪ್ರಾಮಾಣಿಕತೆಗೆ ಸೇರಿಸಿದರೆ ದೊಡ್ಡ ಹೊಗಳಿಕೆ, ಗುಂಪಿನ ಪ್ರಾಜೆಕ್ಟ್ ಬಗ್ಗೆ ಹೇಳಿದರೆ ಇವಳ ಜೊತೆ ಏಗೋದು ಕಷ್ಟ ಅಂತ ಅರ್ಥ. ಹೆಡ್‌ಸ್ಟ್ರಾಂಗ್ ಅಂದರೆ ಹೇಳಿದ ಮಾತು ಕೇಳದೆ ನುಗ್ಗುವವಳು. ಆಬ್ಸ್ಟಿನೇಟ್ ಅಂದರೆ ಕಾರಣ ಕೊಟ್ಟರೂ ಬದಲಾಗದವಳು, ಅಂದರೆ ತಪ್ಪು ತೋರಿಸಿದ ಮೇಲೂ 9.3 ಸರಿ ಅಂತ ವಾದಿಸುವವಳು. ಪಿಗ್ ಹೆಡೆಡ್ ಬೈಗುಳವೇ, ಪತ್ರದೊಳಗೆ ಅದಕ್ಕೆ ಜಾಗವಿಲ್ಲ.

ಇನ್ನೊಂದು ವಿಷಯ. ‘ಕೆಲವೊಮ್ಮೆ ಸ್ವಲ್ಪ ಹಠ ಮಾಡುತ್ತಾಳೆ’ ಅಂತ ಮೆತ್ತಗೆ ಬರೆದರೆ ತೊಂದರೆಯಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅಮೆರಿಕದ ಶಿಫಾರಸು ಪತ್ರಗಳಲ್ಲಿ ಹೊಗಳಿಕೆ ಮೊದಲೇ ಜಾಸ್ತಿ, ಹಾಗಾಗಿ ಇಂಥ ಮೆತ್ತನೆ ಮಾತು ಎಚ್ಚರಿಕೆಯ ಗಂಟೆಯ ಹಾಗೆ ಎದ್ದು ಕೇಳುತ್ತದೆ. ಹಠ ನಿಜವಾಗಲೂ ತೊಂದರೆ ಕೊಟ್ಟಿದ್ದರೆ ವಿಶೇಷಣ ಬಿಟ್ಟು ನಡೆದದ್ದನ್ನು ಬರೆಯಿರಿ: ಮೊದಲ ಟರ್ಮಿನಲ್ಲಿ ಜೊತೆಗಾರರ ರೀಡಿಂಗ್ ಒಪ್ಪುತ್ತಿರಲಿಲ್ಲ, ಎರಡನೇ ಟರ್ಮಿನ ಹೊತ್ತಿಗೆ ಅವರ ರೀಡಿಂಗನ್ನು ತನ್ನದರ ಪಕ್ಕ ಇಟ್ಟು ಹೋಲಿಸಲು ಕಲಿತಳು. ಕಲಿತೇ ಇಲ್ಲ ಅಂದರೆ ಬೇರೆ ಟೀಚರ್ ಹತ್ತಿರ ಬರೆಸಿಕೋಮ್ಮಾ ಅಂತ ಮೊದಲೇ ಹೇಳಿಬಿಡಿ, ಡೆಡ್‌ಲೈನ್ ಹತ್ತಿರ ಬಂದ ಮೇಲೆ ಹೇಳಿದರೆ ಅವಳಿಗೆ ಅನ್ಯಾಯ.

ಕಾಮನ್ ಆ್ಯಪ್‌ನಲ್ಲಿ ಮಕ್ಕಳು ಸಾಮಾನ್ಯವಾಗಿ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತಾರೆ. ಬ್ರಿಟನ್ನಿನ ಕಾಲೇಜುಗಳಿಗೆ ಅರ್ಜಿ ಹಾಕುವ ಯೂಕ್ಯಾಸ್‌ನಲ್ಲಿ ಹಾಗಲ್ಲ, ವಿದ್ಯಾರ್ಥಿ ಕೇಳಿದರೆ ನೀವು ಬರೆದದ್ದು ಅವರ ಕೈಗೆ ಸಿಗುತ್ತದೆ. ಕಾಮನ್ ಆ್ಯಪ್‌ನಲ್ಲಾದರೆ ಕಳಿಸುವ ಮೊದಲು ಪತ್ರ ಮತ್ತು ದರ್ಜೆ ತಾಳೆ ಆಗುತ್ತದಾ ನೋಡಿ: ಪತ್ರದಲ್ಲಿ ಟೆನೇಷಿಯಸ್ ಅಂತ ಬರೆದು ಕಾಮನ್ ಆ್ಯಪ್ ಪಟ್ಟಿಯಲ್ಲಿ ಹಿನ್ನಡೆಯ ಮುಂದೆ ‘ಸಾಧಾರಣ’ ಗುರುತು ಹಾಕಿದರೆ, ಓದುವವರು ನಂಬೋದು ಆ ಗುರುತನ್ನೇ.